ಒಂದೇ ಷೇರಿಗೆ ಮೂರು ಪಿ/ಇ: ಟಾಟಾ ಸ್ಟೀಲ್ ಲೆಕ್ಕ

ಷೇರಿನ ಬೆಲೆಯನ್ನು ಒಂದು ಷೇರಿನ ಪಾಲಿಗೆ ಬರುವ ವರ್ಷದ ಲಾಭದಿಂದ ಭಾಗಿಸಿದರೆ ಪಿ/ಇ ಸಿಗುತ್ತದೆ. ಆದರೆ ಯಾವ ವರ್ಷದ ಲಾಭ? ಕಳೆದ ವರ್ಷದ್ದು, ಬರುವ ವರ್ಷದ ಅಂದಾಜು, ಹಲವು ವರ್ಷಗಳ ಸರಾಸರಿ, ಈ ಮೂರನ್ನೂ 2022ರ ಮೇ ತಿಂಗಳ ಟಾಟಾ ಸ್ಟೀಲ್ ಮೇಲೆ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ.

ಆಗ ಕಂಪನಿಯ ಒಟ್ಟು ಮಾರುಕಟ್ಟೆ ಬೆಲೆ ಸುಮಾರು 1.6 ಲಕ್ಷ ಕೋಟಿ ರೂಪಾಯಿ. 2021-22ರ ಲಾಭ 41,700 ಕೋಟಿಗೂ ಜಾಸ್ತಿ. ಒಂದು ಷೇರಿನ ಬದಲು ಇಡೀ ಕಂಪನಿಯ ಬೆಲೆಯನ್ನು ಇಡೀ ಲಾಭದಿಂದ ಭಾಗಿಸಿದರೂ ಉತ್ತರ ಅದೇ. ಅಂದರೆ ಕಳೆದ ವರ್ಷದ ಲೆಕ್ಕದಲ್ಲಿ ಪಿ/ಇ 4ರ ಆಸುಪಾಸು. ಅದೇ ಹೊತ್ತಿಗೆ ಹಿಂದೂಸ್ತಾನ್ ಯೂನಿಲಿವರ್ 50ರ ಮೇಲಿತ್ತು. ಸೋಪು ಮಾರುವವರಿಗೆ 50, ಉಕ್ಕು ಮಾಡುವವರಿಗೆ 4! ಟಾಟಾ ಸ್ಟೀಲ್ ಅಗ್ಗ ಅನ್ನಿಸುವುದು ಸಹಜ ಅಲ್ವಾ? ಆದರೆ ಮಾರುಕಟ್ಟೆ ಹೇಳುತ್ತಿದ್ದದ್ದು ಬೇರೆ: ಕೋವಿಡ್ ನಂತರ ಉಕ್ಕಿನ ದರ ವಿಪರೀತ ಏರಿದ್ದರಿಂದ ಬಂದ ಲಾಭ ಇದು, ನಿಲ್ಲುವುದಿಲ್ಲ.

ನಿಲ್ಲಲೂ ಇಲ್ಲ. ಮೇ 21ರಂದು ಕೇಂದ್ರ ಸರ್ಕಾರ ಉಕ್ಕಿನ ಹಲವು ಬಗೆಗಳ ರಫ್ತಿಗೆ ಶೇ 15 ಸುಂಕ ಹಾಕಿತು. ಮುಂದಿನ ವಹಿವಾಟಿನ ದಿನವೇ ಷೇರು ಶೇ 10ಕ್ಕಿಂತ ಜಾಸ್ತಿ ಬಿತ್ತು. 2022-23ರ ಲಾಭ 8,000 ಕೋಟಿಯಷ್ಟಕ್ಕೆ ಇಳಿಯಿತು. ಈ ಲಾಭವನ್ನು ಮೇ ತಿಂಗಳ ಬೆಲೆಗೆ ಹಿಡಿದರೆ ಪಿ/ಇ 20. ಮುಂದಿನ ವರ್ಷದ ಪಿ/ಇ ಇಷ್ಟು ಸರಿಯಾಗಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತೊಂದರೆ ಏನೆಂದರೆ, ಮೇ ಮೊದಲ ವಾರದಲ್ಲಿ ಕೂತು ಅಂದಾಜು ಬರೆಯುವ ವಿಶ್ಲೇಷಕರಿಗೆ ಆ ಸುಂಕ ಎಲ್ಲಿ ಗೊತ್ತಿರುತ್ತದೆ? ಅದಕ್ಕೇ ಬ್ರೋಕರೇಜ್ ವರದಿಯಲ್ಲಿ ಈ ಅಂಕಿ ಕಂಡರೆ, ಉಕ್ಕಿನ ದರ ಟನ್ನಿಗೆ ಎಷ್ಟೆಂದು ಹಿಡಿದಿದ್ದಾರೆ ಅಂತ ನಾನು ಮೊದಲು ಹುಡುಕುತ್ತೇನೆ. ಅದು ಬರೆದಿಲ್ಲದಿದ್ದರೆ ಆ ಪಿ/ಇ ಸುಮ್ನೆ ಒಂದು ಅಂಕಿ.

ಉಳಿದದ್ದು ಸರಾಸರಿ. 2019-20ರಲ್ಲಿ ಲಾಭ ಸಾವಿರ ಚಿಲ್ಲರೆ ಕೋಟಿ, ಮರುವರ್ಷ 8,200 ಕೋಟಿಯ ಹತ್ತಿರ, ಆಮೇಲೆ 41,700. ಮೂರರ ಸರಾಸರಿ ಸುಮಾರು 17,000 ಕೋಟಿ, ಪಿ/ಇ 9ಕ್ಕೆ ಸ್ವಲ್ಪ ಮೇಲೆ. ಅಗ್ಗವೂ ಅಲ್ಲ, ತೀರಾ ದುಬಾರಿಯೂ ಅಲ್ಲ. ಉಕ್ಕು, ಸಿಮೆಂಟು, ಸಕ್ಕರೆಯಂಥ ಏರಿಳಿತದ ಉದ್ಯಮಕ್ಕೆ ನನ್ನ ಮತ ಇದಕ್ಕೇ. ಮೂರು ವರ್ಷ ಸಾಲದು, ಒಂದು ಪೂರ್ತಿ ಏರಿಳಿತ ಒಳಗೆ ಬರುವಂತೆ ಏಳೆಂಟು ವರ್ಷ ಹಿಡಿಯುವುದು ಮೇಲು. ಸೋಪಿನ ಕಂಪನಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿ ಲಾಭ ವರ್ಷದಿಂದ ವರ್ಷಕ್ಕೆ ಹೆಚ್ಚು ಕುಣಿಯುವುದಿಲ್ಲ, ಕಳೆದ ವರ್ಷದ ಪಿ/ಇ ಸಾಕು.

ಸರಾಸರಿಗೂ ಒಂದು ಮಿತಿ ಇದೆ. ಟಾಟಾ ಸ್ಟೀಲ್ 2018ರಲ್ಲಿ ಭೂಷಣ್ ಸ್ಟೀಲ್ ಕೊಂಡಿತು. ಅದಕ್ಕಿಂತ ಹಿಂದಿನ ಲಾಭ ಚಿಕ್ಕ ಕಂಪನಿಯದ್ದು. ಅದನ್ನು ಇಂದಿನ ಬೆಲೆಯ ಜೊತೆ ಸೇರಿಸಿದರೆ ಪಿ/ಇ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಇನ್ನು 2023-24ರಲ್ಲಿ ಕಂಪನಿಗೆ 4,900 ಕೋಟಿ ನಷ್ಟ. ಆ ವರ್ಷ ಹಲವು ಆ್ಯಪ್‌ಗಳಲ್ಲಿ ಪಿ/ಇ ಜಾಗ ಖಾಲಿ ಇರುತ್ತದೆ, ಸರಾಸರಿ ಲೆಕ್ಕದಲ್ಲಿ ಮಾತ್ರ ಆ ನಷ್ಟವನ್ನು ಉಳಿದ ವರ್ಷಗಳ ಲಾಭದಿಂದ ಕಳೆಯಬೇಕು.