ಫೋಟೊ ಸ್ಟೇಟ್‌ಮೆಂಟು, ಟ್ಯಾಲಿಯ ಶಿಲ್ಕು: ಮೂರು ದಾರಿ ಹಿಡಿದು ನೋಡಿದೆ

ಹಾರ್ಡ್‌ವೇರ್ ಅಂಗಡಿಯವರೊಬ್ಬರು ಮಾರ್ಚ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಏಳು ಫೋಟೊ ಹೊಡೆದು ವಾಟ್ಸಾಪಿಗೆ ಹಾಕಿದರು. ಕೊನೆಯ ಪುಟದ ಶಿಲ್ಕು 2,08,966. ನಾವು ಟ್ಯಾಲಿಯಲ್ಲಿ ಬರೆದಿಟ್ಟ ಅವರ ಬ್ಯಾಂಕ್ ಲೆಡ್ಜರಿನಲ್ಲಿ 1,84,320. ಎರಡೂ ಏಕೆ ಬೇರೆ ಎಂದು ಹುಡುಕಬೇಕಿತ್ತು. ಪಿಡಿಎಫ್ ಕೇಳಿದರೆ, "ಅದೆಲ್ಲ ನಂಗೆ ಬರಲ್ಲ ಸಾರ್" ಅಂದರು.

ಮೊದಲು ಹಳೇ ಪದ್ಧತಿ: ಪ್ರಿಂಟ್ ತೆಗೆದು ಪೆನ್ಸಿಲ್ಲಿನಲ್ಲಿ ಟಿಕ್ ಹಾಕುತ್ತಾ ಹೋದೆ. ಎರಡು ಗಂಟೆ ಹಿಡಿಯಿತು, ಕೊನೆಗೆ 20,000 ತಾಳೆಯಾಗಲಿಲ್ಲ. ಟಿಕ್ ಬೀಳದ ಚೆಕ್ಕುಗಳನ್ನೆಲ್ಲ "ಇನ್ನೂ ಬ್ಯಾಂಕಿಗೆ ಬಂದಿಲ್ಲ" ಎಂದು ಬರೆದುಕೊಂಡಿದ್ದೆ. ಒಂದು ಪುಟವೇ ಇಲ್ಲದಿದ್ದರೂ ಅದರೊಳಗಿನ ಚೆಕ್ಕುಗಳು ಹೀಗೇ ಕಾಣುತ್ತವೆ. ಆ ಪುಟದ ಜಮೆಯೂ ಖರ್ಚೂ ಸಮವಾಗಿದ್ದಿದ್ದರೆ ಲೆಕ್ಕ ಸರಿಹೋದಂತೆಯೇ ಕಂಡು ನಾನು ಸಹಿ ಹಾಕಿಬಿಡುತ್ತಿದ್ದೆ.

ಎರಡನೆಯದು, ಫೋಟೊದ ಅಕ್ಷರಗಳನ್ನು ಮೊಬೈಲಿನಲ್ಲೇ ಎತ್ತಿ ಎಕ್ಸೆಲ್‌ಗೆ ಅಂಟಿಸುವುದು. ಬೇಗ ಆಗುತ್ತದೆ, ಆದರೆ ನೆರಳು ಬಿದ್ದ ಕಡೆ 1,840 ಹೋಗಿ 1,340 ಆಗಿತ್ತು. ಅದನ್ನು ಕಣ್ಣಲ್ಲಿ ಹುಡುಕಬೇಕಿಲ್ಲ. D ಖರ್ಚು, E ಜಮೆ, F ಶಿಲ್ಕು ಎಂದಿಟ್ಟುಕೊಂಡು ಪಕ್ಕದ ಕಾಲಮ್ಮಿನಲ್ಲಿ ಮೂರನೇ ಸಾಲಿನಿಂದ ಕೆಳಕ್ಕೆ ಇದನ್ನು ಎಳೆದೆ:

```
=ROUND(F2-D3+E3-F3,2)
```

ಎಲ್ಲ ಸಾಲಿನಲ್ಲೂ ಸೊನ್ನೆ ಬರಬೇಕು. ಮೊತ್ತ ತಪ್ಪಾಗಿ ಓದಿದ್ದರೆ ಆ ಒಂದು ಸಾಲು ಮಾತ್ರ ಕೆಡುತ್ತದೆ. ನನ್ನಲ್ಲಿ 500 ಬಂತು. ಶಿಲ್ಕನ್ನೇ ತಪ್ಪಾಗಿ ಓದಿದ್ದರೆ ಆ ಸಾಲು, ಅದರ ಕೆಳಗಿನ ಸಾಲು ಎರಡೂ ಕೆಡುತ್ತವೆ: ಒಂದೇ ಅಂಕಿ, ಒಂದು ಕೂಡು, ಒಂದು ಕಳೆ. ಯಾವುದನ್ನು ತಿದ್ದಬೇಕೆಂದು ಇದರಿಂದಲೇ ಗೊತ್ತಾಗುತ್ತದೆ.

ಮೂರನೆಯದು ಐದು ನಿಮಿಷದ ಕೆಲಸ. ನಡುವಿನ ಸಾಲುಗಳನ್ನು ಬಿಟ್ಟು ಪುಟದಿಂದ ಪುಟಕ್ಕೆ ಕೊಂಡಿ ಮಾತ್ರ ನೋಡುವುದು. ನಾಲ್ಕನೇ ಫೋಟೊದ ಕೊನೆಯ ಶಿಲ್ಕು 96,410. ಐದನೆಯದರ ಮೊದಲ ಸಾಲಿನಲ್ಲಿ 5,000 ತೆಗೆದ ಮೇಲೆ 71,410. ಅಂದರೆ ಅದಕ್ಕೂ ಮೊದಲು 76,410 ಇರಬೇಕಿತ್ತು. ನಡುವೆ 20,000 ಮಾಯ! ಫೋನ್ ಮಾಡಿದೆ. ಎರಡು ಹಾಳೆ ಅಂಟಿಕೊಂಡಿದ್ದವಂತೆ.

ಎಂಟನೇ ಫೋಟೊ ಬಂದ ಮೇಲೆ ನಿಜವಾಗಿ ಬ್ಯಾಂಕಿಗೆ ಬಾರದೆ ಉಳಿದದ್ದು ಎರಡೇ ಚೆಕ್ಕು, 18,500 ಮತ್ತು 6,500. ಬ್ಯಾಂಕಿನ ಶಿಲ್ಕಿನಿಂದ ಅವನ್ನು ಕಳೆದರೆ 1,83,966. ನಾವು ಬರೆಯದೆ ಬಿಟ್ಟಿದ್ದ ಬ್ಯಾಂಕ್ ಚಾರ್ಜು 354ನ್ನು ಲೆಡ್ಜರಿನಿಂದ ಕಳೆದರೂ ಅದೇ.

ಈಗ ಯಾರು ಫೋಟೊ ಕಳಿಸಿದರೂ ಮೊದಲು ಕೊಂಡಿ ನೋಡುತ್ತೇನೆ. ಐವತ್ತು ಸಾಲಿನೊಳಗಿದ್ದರೆ ಆಮೇಲೆ ಪೆನ್ಸಿಲ್ಲೇ ಸಾಕು, ಜಾಸ್ತಿ ಇದ್ದರೆ ಎಕ್ಸೆಲ್. ಜಮೆ, ಖರ್ಚು ಸಮವಾದ ಪುಟ ತಪ್ಪಿಹೋಗಿದ್ದರೆ ಅದು ಕೊಂಡಿಗೂ ಸಿಗದು. ಸಿಗದ ಜಾಗ ಇನ್ನೊಂದಿದೆ: ಮೊದಲ ಪುಟದ ಆರಂಭದ ಶಿಲ್ಕು. ಇವರ ಫೋಟೊದಲ್ಲಿ ಅದರ ಮೇಲೆ ಹೆಬ್ಬೆರಳು ಬಿದ್ದಿತ್ತು, ಹಾಗಾಗಿ ಫೆಬ್ರವರಿಯ ಕೊನೆಯ ಪುಟವನ್ನೂ ತರಿಸಿಕೊಂಡೆ.