ಕ್ಯಾಂಪಸ್‌ನಲ್ಲಿ ಎರಡು ಕೆಲಸ ಮಾಡುವ ಎಫ್-1 ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಓದಿ

ಅಮೆರಿಕದಲ್ಲಿ ಎಂ.ಎಸ್. ಓದುವಾಗ ನನ್ನ ಎಫ್-1 ವಿದ್ಯಾರ್ಥಿ ವೀಸಾದ ಸ್ಟೇಟಸ್ ಹೋಯಿತು. ನಾನು ಹೊರಗೆ ಕದ್ದು ಕೆಲಸ ಮಾಡಿದ್ದಕ್ಕಲ್ಲ, ಕ್ಯಾಂಪಸ್ ಒಳಗಿನ ಕೆಲಸದಲ್ಲೇ ಗಂಟೆಗಳ ಲೆಕ್ಕ ತಪ್ಪಿದ್ದಕ್ಕೆ. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಎಫ್-1 ನಿಯಮ ಎಲ್ಲರಿಗೂ ಗೊತ್ತು: ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ನನಗೂ ಗೊತ್ತಿತ್ತು. ಆದರೆ ಆ 20 ಗಂಟೆ ಒಂದು ಕೆಲಸಕ್ಕಲ್ಲ, ಎಲ್ಲಾ ಕೆಲಸ ಸೇರಿ. ಇದನ್ನು ನಾನು ಸರಿಯಾಗಿ ತಲೆಗೆ ಹಾಕಿಕೊಂಡಿರಲಿಲ್ಲ.

ನನಗೆ ಲೈಬ್ರರಿಯಲ್ಲಿ ಸೋಮವಾರದಿಂದ ಗುರುವಾರ, ದಿನಕ್ಕೆ 3 ಗಂಟೆಯಂತೆ 12 ಗಂಟೆ ಇತ್ತು. ಶುಕ್ರವಾರ, ಶನಿವಾರ ಡೈನಿಂಗ್ ಹಾಲ್‌ನಲ್ಲಿ ನಾಲ್ಕು ನಾಲ್ಕು ಗಂಟೆ. ಒಟ್ಟು 20. ಡೈನಿಂಗ್ ಹಾಲ್ ನಡೆಸುತ್ತಿದ್ದುದು ಒಂದು ಖಾಸಗಿ ಕಂಪನಿ. ಕ್ಯಾಂಪಸ್ ಒಳಗೆ ವಿದ್ಯಾರ್ಥಿಗಳಿಗೆ ಊಟ ಕೊಡುವ ಕೆಲಸ ಆದ್ದರಿಂದ ಅದೂ ಕ್ಯಾಂಪಸ್ ಕೆಲಸವೇ, ತಪ್ಪಿಲ್ಲ. ಆದರೆ ಅದರ ಸಂಬಳದ ಲೆಕ್ಕ ಬೇರೆ. ಲೈಬ್ರರಿಯ ಟೈಮ್‌ಶೀಟ್‌ನಲ್ಲಿ 12 ಮಾತ್ರ ಕಾಣುತ್ತಿತ್ತು, ಅಲ್ಲಿ 8 ಮಾತ್ರ. ಎರಡನ್ನೂ ಕೂಡಿಸಿ ನೋಡುವವರು ಯಾರೂ ಇರಲಿಲ್ಲ. ಕೂಡಿಸಬೇಕಾದವಳು ನಾನೇ.

ಡಿಸೆಂಬರ್ ಪರೀಕ್ಷೆ ವಾರ ಬಂತು. ಗೆಳತಿಗೆ ಹುಷಾರಿಲ್ಲ, ಅವಳ ಶಿಫ್ಟ್ ನೋಡಿಕೊಳ್ಳುತ್ತೀಯಾ ಅಂತ ಡೈನಿಂಗ್ ಮ್ಯಾನೇಜರ್ ಕೇಳಿದರು. 20 ದಾಟುತ್ತದಲ್ಲ ಅಂದೆ. "ಹಿಂದಿನ ವಾರ ಕಡಿಮೆ ಮಾಡಿದ್ದೀಯಲ್ಲ, ಎರಡು ವಾರ ಸೇರಿ 40 ಆದರೆ ಸಾಕು" ಅಂದರು. ಹಿಂದಿನ ವಾರ ನಾನು 14 ಗಂಟೆ ಮಾಡಿದ್ದೆ. ಈ ವಾರ ಲೈಬ್ರರಿ 12, ಡೈನಿಂಗ್ 14, ಒಟ್ಟು 26. ಎರಡು ವಾರಕ್ಕೆ ಸರಿಯಾಗಿ 40. ಲೆಕ್ಕ ಸರಿ ಇದೆ ಅನ್ನಿಸಿತು. ಸೆಮಿಸ್ಟರಿನಲ್ಲಿ ಹೀಗೆ ಒಟ್ಟು ಮೂರು ವಾರ ಆಯಿತು.

ಅಲ್ಲೇ ಎಡವಿದ್ದು. ಎರಡು ವಾರಕ್ಕೊಮ್ಮೆ ಸಂಬಳ ಕೊಡುವುದು ಕಂಪನಿಯ ಪದ್ಧತಿ. ವೀಸಾ ನಿಯಮಕ್ಕೆ ಅದು ಗೊತ್ತೇ ಇಲ್ಲ. ಅಲ್ಲಿ ಪ್ರತಿ ವಾರವೂ ಬೇರೆ, ಒಂದು ವಾರ ಉಳಿದ ಗಂಟೆ ಮುಂದಿನ ವಾರಕ್ಕೆ ಬರುವುದಿಲ್ಲ. ಇನ್ನೊಂದು ತಪ್ಪು, ಕ್ಲಾಸ್ ಮುಗಿದಿದೆ, ರಜೆ ಶುರುವಾಯಿತು ಅಂದುಕೊಂಡದ್ದು. ಪರೀಕ್ಷೆ ವಾರವೂ ಸೆಮಿಸ್ಟರೇ. ಮ್ಯಾನೇಜರ್ ಕೆಟ್ಟವರಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವರ ಮಾತನ್ನೇ ನಂಬಿದ್ದು ನನ್ನ ತಪ್ಪು.

ಮಾರ್ಚ್‌ನಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಸಿಕ್ಕಿತು. ಓದಿನ ಭಾಗವಾಗಿ ಕ್ಯಾಂಪಸ್ ಹೊರಗೆ ಕೆಲಸ ಮಾಡಲು ಬೇಕಾದ ಸಿಪಿಟಿ ಅನುಮತಿಗೆ ಅರ್ಜಿ ಹಾಕಿದೆ. ಇಂಟರ್‌ನ್ಯಾಷನಲ್ ಆಫೀಸಿನವರು ಈವರೆಗಿನ ಕೆಲಸಗಳ ವಿವರ ಕೇಳಿದರು. ಮುಚ್ಚಿಡುವಂಥದ್ದು ಏನಿದೆ ಅಂತ ಎರಡೂ ಕಡೆಯ ಪೇಸ್ಲಿಪ್ ಕೊಟ್ಟೆ. ಅಲ್ಲಿ ನಮ್ಮ ವೀಸಾ ವಿಷಯ ನೋಡಿಕೊಳ್ಳುವ ಡಿಎಸ್‌ಓ ಮೇಡಂ ಎರಡನ್ನೂ ಪಕ್ಕಪಕ್ಕ ಇಟ್ಟು, ಪೆನ್ಸಿಲ್‌ನಲ್ಲಿ ವಾರವಾರ ಕೂಡಿಸಿದರು. 26ರ ಸುತ್ತ ಒಂದು ಸುತ್ತು ಹಾಕಿದರು. ಆ ಕಾಗದ ಇವತ್ತಿಗೂ ಕಣ್ಣ ಮುಂದಿದೆ.

ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ನಲ್ಲಿ ನನ್ನ ದಾಖಲೆಯನ್ನು ಟರ್ಮಿನೇಟ್ ಮಾಡಿದರು. ಓದು ಮುಗಿಸಿದವರಿಗೆ ದೇಶ ಬಿಡಲು ಸಿಗುವ 60 ದಿನದ ಗಡುವು ಇಂಥ ಟರ್ಮಿನೇಷನ್‌ಗೆ ಇಲ್ಲ. ಸಿಪಿಟಿ ಇಲ್ಲ, ಇಂಟರ್ನ್‌ಶಿಪ್ ಹೋಯಿತು, ಲೈಬ್ರರಿ ಕೆಲಸವೂ ಅವತ್ತೇ ನಿಂತಿತು. ಸ್ಟೇಟಸ್ ವಾಪಸ್ ಪಡೆಯಲು ರೀಇನ್‌ಸ್ಟೇಟ್‌ಮೆಂಟ್ ಅಂತ ಒಂದು ದಾರಿ ಇದೆ. ಸಾಮಾನ್ಯವಾಗಿ 5 ತಿಂಗಳ ಒಳಗೆ ಅರ್ಜಿ ಹಾಕಬೇಕು. ಆದರೆ ಅನುಮತಿ ಇಲ್ಲದ ಕೆಲಸ ಮಾಡಿರಬಾರದು ಅನ್ನುವುದೂ ಅದರ ಷರತ್ತು. ಮಿತಿ ಮೀರಿದ ಗಂಟೆಗಳನ್ನೂ ಹಾಗೇ ನೋಡುತ್ತಾರೆ, ನಿಲ್ಲುವುದು ಕಷ್ಟ ಅಂದರು ವಕೀಲರು.

ಹಾಗಾಗಿ ದೇಶ ಬಿಟ್ಟೆ. ಕಾಲೇಜಿನಿಂದ ಹೊಸ ಐ-20 ಪತ್ರ, ಮತ್ತೆ 350 ಡಾಲರ್ ಸೆವಿಸ್ ಶುಲ್ಕ, ಮತ್ತೆ ವೀಸಾ ಇಂಟರ್‌ವ್ಯೂ. ವೀಸಾ ಷರತ್ತು ಎಂದಾದರೂ ಮುರಿದಿದ್ದೀರಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ. ಹೌದು ಅಂತ ಬರೆದು ಆಫೀಸರ್ ಮುಂದೆ ವಿವರಿಸಬೇಕಾಯಿತು. ವೀಸಾ ಸಿಕ್ಕಿತು. ಆದರೆ ಹೊಸ ಸೆವಿಸ್ ನಂಬರ್ ಅಂದರೆ ಹೊಸ ಲೆಕ್ಕ. ನಾನು ಓದಿದ್ದ ತಿಂಗಳುಗಳು ಸಿಪಿಟಿಗೆ ಲೆಕ್ಕಕ್ಕೇ ಬರಲಿಲ್ಲ. ಮತ್ತೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಕಾಯಬೇಕಾಯಿತು.

ಕ್ಯಾಂಪಸ್ ಹೊರಗಿನ ಕೆಲಸದ ಬಗ್ಗೆ ಒಂದು ಮಾತು. ಕ್ಯಾಂಪಸ್ ಒಳಗೆ ಇರುವಂತೆ 20 ಗಂಟೆ ಮಾಡಬಹುದು ಅನ್ನುವ ಅವಕಾಶ ಅಲ್ಲಿ ಇಲ್ಲ. ಸಿಪಿಟಿ, ಓಪಿಟಿ ಅಥವಾ ಕಷ್ಟಕ್ಕೆ ಅಂತ ಕೊಡುವ ವಿಶೇಷ ಅನುಮತಿ ಕೈಗೆ ಬರುವ ಮೊದಲು ಒಂದು ಗಂಟೆ ಮಾಡಿದರೂ ತಪ್ಪೇ. ಕೈಗೆ ನಗದು ಕೊಟ್ಟರೂ ಅಷ್ಟೇ, ಡೆಲಿವರಿ ಆ್ಯಪ್ ಆದರೂ ಅಷ್ಟೇ.

ಈಗ ನಾನು ಫೋನಿನಲ್ಲಿ ಪ್ರತಿ ವಾರದ ಗಂಟೆ ಬರೆಯುತ್ತೇನೆ, ಎಲ್ಲಾ ಕೆಲಸ ಸೇರಿಸಿ. 18ಕ್ಕೇ ನಿಲ್ಲಿಸುತ್ತೇನೆ, ಯಾಕೆಂದರೆ ಶಿಫ್ಟ್ ಮುಗಿಯುವಾಗ ಅರ್ಧ ಗಂಟೆ ಜಾಸ್ತಿ ಆಗುವುದು ಸುಮ್ನೆ ನಡೆಯುತ್ತದೆ. ಯಾರದಾದರೂ ಶಿಫ್ಟ್ ನೋಡಿಕೊಳ್ಳಿ ಅಂದರೆ, ರಜೆ ಯಾವತ್ತು ಶುರು ಅಂತ ಗೊಂದಲವಾದರೆ, ಮೊದಲು ಡಿಎಸ್‌ಓಗೆ ಇಮೇಲ್ ಹಾಕುತ್ತೇನೆ. ಉತ್ತರ ಬಂದ ಮೇಲೆಯೇ ಮ್ಯಾನೇಜರ್‌ಗೆ ಹೂಂ ಅನ್ನುವುದು.