ಒಂದೇ ಅಂಕ, ನಾಲ್ಕು ಕಾಲಂ, ಎಣಿಕೆ: ಇಂಗ್ಲಿಷ್ ಮಾತು ಅಳೆಯಲು ನಾನು ಮಾಡಿ ನೋಡಿದ ಮೂರು ದಾರಿ

ರಾಜಾಜಿನಗರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತು ಕಲಿಸುತ್ತೇನೆ. ಹೊಸ ಬ್ಯಾಚ್ ಶುರುವಾದಾಗಲೆಲ್ಲ ಎಲ್ಲರ ಮಾತು ಕೇಳಿ ಅಂಕ ಕೊಡಬೇಕು. ಯಾವ ಬಗೆಯಲ್ಲಿ ಕೊಟ್ಟರೆ ಸರಿ ಅನ್ನುವ ಅನುಮಾನ ಬಹಳ ದಿನದಿಂದ ಇತ್ತು. ಈ ಸಲ 12 ಜನರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಜೊತೆಗೆ ಕಲಿಸುವ ಗೆಳೆಯನೂ ನಾನೂ ಅದೇ ರೆಕಾರ್ಡಿಂಗ್‌ಗಳಿಗೆ ಮೂರು ಬಗೆಯಲ್ಲಿ ಅಂಕ ಹಾಕಿದೆವು. ಹಾಕುವಾಗ ಒಬ್ಬರ ಹಾಳೆ ಇನ್ನೊಬ್ಬರು ನೋಡಲಿಲ್ಲ.

ಮಾತಾಡಿಸುವ ಕ್ರಮವನ್ನು ಐಇಎಲ್‌ಟಿಎಸ್ ಮಾತಿನ ಪರೀಕ್ಷೆಯ ಎರಡನೇ ಭಾಗದಿಂದ ತೆಗೆದುಕೊಂಡೆ. ಒಂದು ನಿಮಿಷ ಯೋಚನೆ, ಎರಡು ನಿಮಿಷ ಮಾತು. ವಿಷಯ, ಯಾವುದೋ ವಸ್ತು ಕೆಟ್ಟುಹೋಗಿ ಅದನ್ನು ಸರಿ ಮಾಡಿದ ಒಂದು ದಿನ. ಇದನ್ನು ಬೇಕೆಂದೇ ಆರಿಸಿದೆ. ನಡೆದುಹೋದ ಸಂಗತಿ ಹೇಳಬೇಕಾದರೆ ಭೂತಕಾಲ ಬೇಕೇ ಬೇಕು. "ನಿಮ್ಮ ಬಗ್ಗೆ ಹೇಳಿ" ಅಂದರೆ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸಿಬಿಡುತ್ತಾರೆ.

ಮೊದಲನೇ ದಾರಿ, ಒಂದು ಸಲ ಕೇಳಿ ಹತ್ತಕ್ಕೆ ಒಂದು ಅಂಕ. ಅರ್ಧ ಗಂಟೆಯಲ್ಲಿ ಮುಗಿಯಿತು. ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಒಂದೇ ಬಂದವು. ನಮಗೆ ಖುಷಿಯಾಯಿತು. ಎಲೆಕ್ಟ್ರಿಷಿಯನ್ ಕೆಲಸ ಮಾಡುವ ಒಬ್ಬ ಹುಡುಗನಿಗೆ ಇಬ್ಬರೂ 7 ಕೊಟ್ಟಿದ್ದೆವು. ಧೈರ್ಯವಾಗಿ, ಎಲ್ಲೂ ತಡೆಯದೆ ಮಾತಾಡಿದ್ದ. ಮೆಲ್ಲಗೆ ಮಾತಾಡುವ ಬಿಕಾಂ ಹುಡುಗಿಗೆ ಇಬ್ಬರೂ 5. ಆದರೆ ಇಬ್ಬರೂ ಒಪ್ಪಿದ್ದೇವೆ ಅಂದರೆ ಅಳತೆ ಸರಿ ಇದೆ ಅಂತ ಅಲ್ಲ, ಅಲ್ವಾ? ಇಬ್ಬರೂ ಒಂದೇ ಕಡೆ ಎಡವಿರಬಹುದು.

ಎರಡನೇ ದಾರಿ, ನಿರರ್ಗಳತೆ, ಉಚ್ಚಾರಣೆ, ಪದಸಂಪತ್ತು, ವ್ಯಾಕರಣ ಅಂತ ನಾಲ್ಕು ಕಾಲಂ. ಒಂದೊಂದಕ್ಕೂ ಐದು ಅಂಕ. ಒಂದೇ ಸಲ ಕೇಳಿ ನಾಲ್ಕನ್ನೂ ತುಂಬಿದಾಗ ಹುಡುಗನಿಗೆ ನಾನು ಇದೇ ಕ್ರಮದಲ್ಲಿ 4, 4, 3, 3 ಹಾಕಿದ್ದೆ. ಹುಡುಗಿಗೆ 2, 3, 3, 3. ಅಂದರೆ ಮೊದಲು ಮನಸ್ಸಿಗೆ ಬಂದ ಒಂದೇ ಅಭಿಪ್ರಾಯವನ್ನು ನಾಲ್ಕು ಕಡೆ ಬರೆದಿದ್ದೆ, ಅಷ್ಟೇ. ಇದು ಹಳೆಯ ಕಾಯಿಲೆ. ಸೈನಿಕರ ಬೇರೆ ಬೇರೆ ಗುಣಗಳಿಗೆ ಅಧಿಕಾರಿಗಳು ಕೊಟ್ಟ ಅಂಕಗಳು ಒಂದಕ್ಕೊಂದು ಅತಿಯಾಗಿ ಹೊಂದಿಕೊಳ್ಳುತ್ತವೆ ಎಂದು 1920ರಲ್ಲೇ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ತೋರಿಸಿದ್ದರು. ಒಂದು ಗುಣ ಮೆಚ್ಚಿಗೆಯಾದರೆ ಉಳಿದವಕ್ಕೂ ಅದರ ಬೆಳಕು ಬೀಳುತ್ತದೆ. ನಮ್ಮಲ್ಲಿ ಆ ಬೆಳಕು ವೇಗದ್ದು.

ಆಮೇಲೆ ಅದೇ ಕಾಲಂಗಳನ್ನು ಒಂದೊಂದು ಸಲ ಒಂದೊಂದಕ್ಕೇ ಕೇಳಿ ತುಂಬಿದೆವು. ಎರಡು ಗಂಟೆ ಹಿಡಿಯಿತು. ಉಚ್ಚಾರಣೆಯನ್ನು ಮೊದಲು ಇಟ್ಟುಕೊಂಡೆವು. ಎರಡು ಮೂರು ಸಲ ಕೇಳಿದರೆ ಕಿವಿ ಒಗ್ಗಿಹೋಗಿ ಎಲ್ಲವೂ ಸ್ಪಷ್ಟ ಅನ್ನಿಸತೊಡಗುತ್ತದೆ.

ಉಚ್ಚಾರಣೆಯಲ್ಲೇ ನನಗೆ ದೊಡ್ಡ ಪಾಠ ಸಿಕ್ಕಿತು. ನಾವಿಬ್ಬರೂ ಕನ್ನಡದವರು. ಹುಡುಗ "ಓನ್ಲಿ" ಅನ್ನುವುದನ್ನು "ವೋನ್ಲಿ" ಅಂದರೂ, ಪದದ ಕೊನೆಗೆ "ಉ" ಸೇರಿಸಿ "ಸ್ವಿಚ್ಚು", "ಬೋರ್ಡು" ಅಂದರೂ ನಮಗೆ ಗೊತ್ತಾಗುತ್ತದೆ. ನಮಗೆ ಅರ್ಥವಾಗುವುದು ಇಲ್ಲಿ ಪುರಾವೆ ಅಲ್ಲ. ಹಾಗಾಗಿ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಗುವಾಹಟಿಯವರೊಬ್ಬರಿಗೆ ಅರ್ಧ ನಿಮಿಷದ ತುಣುಕು ಕೇಳಿಸಿ, ಕೇಳಿದ್ದನ್ನು ಹಾಗೇ ಬರೆಯಿರಿ ಅಂದೆ. "ಸ್ವಿಚ್ಚು" ಅವರನ್ನು ತಡೆಯಲಿಲ್ಲ. ಆದರೆ "ಎಕ್ವಿಪ್‌ಮೆಂಟ್" ಬಂದ ಕಡೆ ಜಾಗ ಖಾಲಿ ಬಿಟ್ಟಿದ್ದರು. ಹುಡುಗ ಒತ್ತನ್ನು ಮೊದಲ ಅಕ್ಷರಕ್ಕೆ ಕೊಟ್ಟು ಉಳಿದದ್ದನ್ನು ನುಂಗಿದ್ದ. ಇಂಗ್ಲಿಷಿನಲ್ಲಿ ಒತ್ತು ಎರಡನೆಯದಕ್ಕೆ ಬೀಳಬೇಕು. ಊರಿನ ಧಾಟಿ ಇದ್ದದ್ದಕ್ಕೆ ಅಂಕ ಕಡಿಯಬಾರದು, ಕೇಳುವವರಿಗೆ ಪದ ಸಿಗದೆ ಹೋದದ್ದಕ್ಕೆ ಕಡಿಯಬೇಕು. ನಾನು ಹಿಂದಿನ ಬ್ಯಾಚುಗಳಲ್ಲಿ ಇದನ್ನು ತಿರುವುಮುರುವು ಮಾಡಿದ್ದೆ. ಈಗ ನೆನೆದರೆ ಬೇಸರವಾಗುತ್ತದೆ.

ವ್ಯಾಕರಣದ ಸುತ್ತಿನಲ್ಲಿ ಚಿತ್ರ ಇನ್ನೂ ತಿರುಗಿತು. ಹುಡುಗನ ಭೂತಕಾಲವೆಲ್ಲ "ಯೆಸ್ಟರ್‌ಡೇ ಐ ಆಮ್ ಗೋಯಿಂಗ್, ಓನರ್ ಈಸ್ ಟೆಲ್ಲಿಂಗ್" ಅನ್ನುವ ಧಾಟಿ. ವೇಗದಲ್ಲಿ ಅದು ಮೊದಲು ಕಿವಿಗೇ ಬಿದ್ದಿರಲಿಲ್ಲ. ಹುಡುಗಿ "ದ ಪ್ರೊಜೆಕ್ಟರ್ ಸ್ಟಾಪ್ಡ್ ವೈಲ್ ವಿ ವರ್ ಪ್ರೆಸೆಂಟಿಂಗ್" ಅಂದಿದ್ದಳು. ಎರಡು ಕ್ರಿಯೆ ಜೋಡಿಸಿದ ವಾಕ್ಯ, ಎರಡೂ ಕಡೆ ಕಾಲ ಸರಿಯಾಗಿದೆ. ನನ್ನ ಹಾಳೆಯಲ್ಲಿ ಹುಡುಗನಿಗೆ 4, 2, 3, 2 ಬಂತು. ಹುಡುಗಿಗೆ 4, 4, 3, 4.

ಹುಡುಗಿಯ ನಿರರ್ಗಳತೆಗೆ ಮಾತ್ರ ಗೆಳೆಯ 2 ಕೊಟ್ಟಿದ್ದ. "ಇಷ್ಟು ನಿಧಾನ ಮಾತಾಡಿದರೆ ನಿರರ್ಗಳ ಹೇಗಾಗುತ್ತೆ?" ಅಂದ. ಅಲ್ಲಿಂದ ಮೂರನೇ ದಾರಿ, ಎಣಿಕೆ.

ಇಬ್ಬರ ಮಾತನ್ನೂ ಒಂದಕ್ಷರ ಬಿಡದೆ ಬರೆದುಕೊಂಡೆವು. ಒಬ್ಬರದಕ್ಕೆ ಸುಮಾರು 40 ನಿಮಿಷ ಬೇಕಾಯಿತು. ಹುಡುಗ ಎರಡು ನಿಮಿಷದಲ್ಲಿ 236 ಪದ ಆಡಿದ್ದ. ಹುಡುಗಿ 148. "ಆಕ್ಚುಲಿ", "ಬೇಸಿಕಲಿ", ಎರಡೆರಡು ಸಲ ಹೇಳಿದ್ದು, ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡಿದ್ದು, ಇವನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು 171 ಮತ್ತು 144. ನಿಮಿಷಕ್ಕೆ 85.5, 72. ಅಷ್ಟು ದೊಡ್ಡದಾಗಿ ಕಂಡ ಅಂತರ ಇಷ್ಟೇ.

ಆಮೇಲೆ ಅರ್ಧ ಸೆಕೆಂಡಿಗಿಂತ ಉದ್ದದ ಮೌನಗಳನ್ನು ಗುರುತು ಮಾಡಿದೆವು. ಮೌನ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದೇ ಮುಖ್ಯ. ಒಂದು ಮಾತು ಮುಗಿದ ಕಡೆ ಚೆನ್ನಾಗಿ ಮಾತಾಡುವವರೂ ನಿಲ್ಲುತ್ತಾರೆ, ಮುಂದೇನು ಹೇಳಬೇಕು ಅಂತ ಯೋಚಿಸುತ್ತಾರೆ. ವಾಕ್ಯದ ನಡುವೆ ನಿಂತರೆ ಸಾಮಾನ್ಯವಾಗಿ ಪದವೋ ರೂಪವೋ ಸಿಗುತ್ತಿಲ್ಲ ಅಂತ. ಹುಡುಗಿಯ 19 ಮೌನಗಳಲ್ಲಿ 15 ಮಾತು ಮುಗಿದ ಕಡೆ ಇದ್ದವು. ಹುಡುಗನ 16ರಲ್ಲಿ 11 ನಟ್ಟನಡುವೆ. ಇದನ್ನು ನೋಡಿ ಗೆಳೆಯ 2ರಿಂದ ಮೇಲೆ ಬಂದ, ನಾನು 4ರಿಂದ ಕೆಳಗೆ ಬಂದೆ. ನಿಧಾನ ಅನ್ನುವುದು ಸುಳ್ಳಲ್ಲವಲ್ಲ. ಹುಡುಗಿಗೆ 3, ಹುಡುಗನಿಗೂ 3.

ಹಾಗಂತ ಎಲ್ಲವನ್ನೂ ಎಣಿಸಬಹುದು ಅಂದುಕೊಂಡದ್ದು ತಪ್ಪಾಯಿತು. ತಪ್ಪಿಲ್ಲದ ವಾಕ್ಯಗಳನ್ನು ಎಣಿಸಿದಾಗ ಎಲ್ಲರಿಗಿಂತ ಮೇಲೆ ಬಂದವರು ಒಬ್ಬ ಗೃಹಿಣಿ. ಅವರು ಆಡಿದ್ದು "ಮಿಕ್ಸಿ ಸ್ಟಾಪ್ಡ್. ಐ ಕಾಲ್ಡ್ ಮೈ ಸನ್" ಅನ್ನುವಂಥ ಪುಟ್ಟ ವಾಕ್ಯಗಳನ್ನು ಮಾತ್ರ. ಕಷ್ಟದ ವಾಕ್ಯಕ್ಕೆ ಕೈ ಹಾಕದವರಿಗೆ ತಪ್ಪಾಗುವುದೇ ಇಲ್ಲ. ಪದಗಳಲ್ಲೂ ಹಾಗೇ. ಒಟ್ಟು ಪದಗಳಲ್ಲಿ ಬೇರೆ ಬೇರೆ ಪದ ಎಷ್ಟು ಅಂತ ಭಾಗಿಸಿದರೆ ಜಾಸ್ತಿ ಮಾತಾಡಿದವರಿಗೆ ನಷ್ಟ, ಯಾಕೆಂದರೆ ಮಾತು ಬೆಳೆದಷ್ಟೂ ಹಳೆಯ ಪದಗಳೇ ಮತ್ತೆ ಬರುತ್ತವೆ. ಎಲ್ಲರದೂ ಮೊದಲ 100 ಪದ ಮಾತ್ರ ತೆಗೆದುಕೊಂಡು ಈ ನಷ್ಟ ತಪ್ಪಿಸಿದೆವು. ಆದರೂ ಪದ ಸರಿಯಾದ ಜಾಗದಲ್ಲಿ ಬಂತೋ ಇಲ್ಲವೋ ಅನ್ನುವುದನ್ನು ಕಿವಿಯೇ ಹೇಳಬೇಕಾಯಿತು.

ಈಗ ನಾನು ಹೀಗೆ ಮಾಡುತ್ತಿದ್ದೇನೆ. ಮೊದಲ ದಿನ ಯಾವ ಗುಂಪಿನಲ್ಲಿ ಕೂರಿಸಬೇಕು ಅನ್ನುವುದಕ್ಕೆ ಒಂದೇ ಅಂಕ ಸಾಕು, ತಪ್ಪಾದರೆ ವಾರದಲ್ಲಿ ಬದಲಾಯಿಸಬಹುದು. ಏನು ಕಲಿಸಬೇಕು ಅಂತ ತೀರ್ಮಾನಿಸಲು ನಾಲ್ಕು ಕಾಲಂ, ಆದರೆ ನಾಲ್ಕು ಸಲ ಕೇಳಿ. ಇಬ್ಬರ ಅಂಕದಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮಾತ್ರ ಎಣಿಕೆ, ಅದೂ ನಿರರ್ಗಳತೆಗೆ ಮಾತ್ರ. ಕಲಿಯುವವರಿಗೆ ಸರಾಸರಿ ಹೇಳುವುದನ್ನು ನಿಲ್ಲಿಸಿದ್ದೇನೆ. 4, 3, 3, 2ಕ್ಕೂ 2, 3, 3, 4ಕ್ಕೂ ಸರಾಸರಿ ಮೂರೇ. ಇಬ್ಬರಿಗೂ ಬೇಕಾದ ಪಾಠ ಮಾತ್ರ ಬೇರೆ.

ಹುಡುಗಿ ಈಗ ಒಂದೇ ಕಥೆಯನ್ನು ಮೂರು ಜನಕ್ಕೆ ಹೇಳುತ್ತಿದ್ದಾಳೆ. ಮೊದಲನೆಯವರಿಗೆ ನಾಲ್ಕು ನಿಮಿಷ, ಎರಡನೆಯವರಿಗೆ ಮೂರು, ಕೊನೆಯವರಿಗೆ ಎರಡು. ಹುಡುಗ ತನ್ನದೇ ರೆಕಾರ್ಡಿಂಗಿನ ಬರಹ ಮುಂದಿಟ್ಟುಕೊಂಡು, "ಈಸ್ ಟೆಲ್ಲಿಂಗ್" ಇದ್ದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ "ಟೋಲ್ಡ್" ಬರೆದು, ಮತ್ತೆ ಜೋರಾಗಿ ಓದಿ ರೆಕಾರ್ಡ್ ಮಾಡುತ್ತಿದ್ದಾನೆ.